ಎರಡನೇ ಲಾರಿಯ ಕಾಂಕ್ರೀಟ್ ಎಲ್ಲಿ ಬಿತ್ತು? ಸೈಟ್ ಟ್ರೈನಿಂಗ್ ವರದಿ ಬರೆಯುವ ಬಗೆ

ಸಿವಿಲ್ ಓದುವ ಹುಡುಗರು ಟ್ರೈನಿಂಗ್ ಮುಗಿಸಿ ತಂದುಕೊಡುವ ವರದಿಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: "ಕಾಂಕ್ರೀಟ್ ಎಂದರೆ ಸಿಮೆಂಟ್, ಮರಳು, ಜಲ್ಲಿ ಮತ್ತು ನೀರಿನ ಮಿಶ್ರಣ." ಇದನ್ನು ತಿಳಿಯಲು ಯಾರೂ ನಾಲ್ಕು ವಾರ ಬಿಸಿಲಲ್ಲಿ ನಿಲ್ಲಬೇಕಾಗಿಲ್ಲ. ಮುಂದಿನ ಪುಟದಲ್ಲಿ ಇನ್ನೊಂದು ವಾಕ್ಯ ಕಾದಿರುತ್ತದೆ: "ಸೈಟಿನಲ್ಲಿ ಎಲ್ಲ ಸುರಕ್ಷತಾ ಕ್ರಮಗಳನ್ನು ಪಾಲಿಸಲಾಯಿತು." ಎಲ್ಲ ಅಂದರೆ ಯಾವುವು? ಎಷ್ಟು ಜನ ಪಾಲಿಸಿದರು? ಕೇಳಿದರೆ ಹುಡುಗ ಗೋಡೆ ನೋಡುತ್ತಾನೆ.

ನಾನು ಸೈಟಿನಲ್ಲೂ ಇದ್ದವನು, ಈಗ ಇಂಥ ವರದಿಗಳನ್ನು ಓದುವವನು. ಕವರ್ ಪುಟ, ಪ್ರಮಾಣಪತ್ರ, ಕಂಪನಿಯ ಪರಿಚಯ, ವಾರವಾರದ ಕೆಲಸ, ಕೊನೆಗೆ ಕಲಿತದ್ದು, ಈ ಚೌಕಟ್ಟನ್ನು ನಿಮ್ಮ ಕಾಲೇಜೇ ಕೊಡುತ್ತದೆ. ಅದರ ಪ್ರಕಾರ ಹೋಗಿ. ಕಂಪನಿಯ ಪರಿಚಯಕ್ಕೆ ಎರಡು ಪುಟ ಸಾಕು, ಅವರ ವೆಬ್‌ಸೈಟ್ ನಕಲು ಮಾಡಿದ್ದು ಮೊದಲ ಸಾಲಿಗೇ ಗೊತ್ತಾಗುತ್ತದೆ. ವರದಿ ಗೆಲ್ಲುವುದೋ ಸೋಲುವುದೋ ಮಧ್ಯದ ಪುಟಗಳಲ್ಲಿ, ಅಂದರೆ ನೀವು ಕಣ್ಣಾರೆ ಕಂಡದ್ದನ್ನು ಬರೆಯುವಲ್ಲಿ. ಆದ್ದರಿಂದ ಇಲ್ಲಿ ಒಂದೇ ದಿನವನ್ನು ತೆಗೆದುಕೊಂಡು, ಅದು ಡೈರಿಯಿಂದ ವರದಿಗೆ ಹೇಗೆ ಬರುತ್ತದೆ ಅಂತ ನೋಡೋಣ. ಮೋಲ್ಡ್ ಹಾಕುವ, ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ದಿನ.

ನಾನು ಓದಿದ ಒಂದು ವರದಿಯದೇ ಕತೆ ಇದು. ಬರೆದವಳು ಡಿಪ್ಲೊಮಾ ಕೊನೆಯ ವರ್ಷದ ಹುಡುಗಿ. ಕಟ್ಟಡ ಚಿಕ್ಕದು, ನೆಲ ಮತ್ತು ಮೂರು ಮಹಡಿ. ಅವತ್ತು ಮೂರನೇ ಮಹಡಿಯ ಸ್ಲ್ಯಾಬ್, 125 ಮಿ.ಮೀ. ದಪ್ಪ. ಬೀಮೂ ಸೇರಿ 18 ಘನ ಮೀಟರ್ ಎಂ25 ಕಾಂಕ್ರೀಟ್, ಅಂದರೆ 28 ದಿನಕ್ಕೆ ಚದರ ಮಿ.ಮೀ.ಗೆ 25 ನ್ಯೂಟನ್ ತಡೆಯಬೇಕಾದದ್ದು. ಪ್ಲಾಂಟಿನಲ್ಲೇ ಕಲಸಿ ಲಾರಿಯಲ್ಲಿ ತರುವ ಆರ್‌ಎಂಸಿ. ತಲಾ 6 ಘನ ಮೀಟರಿನ ಮೂರು ಲಾರಿ. ಇಷ್ಟೇ. ಯಾವ ದೊಡ್ಡ ಸೇತುವೆಯೂ ಅಲ್ಲ, ಮೆಟ್ರೋನೂ ಅಲ್ಲ. ಆದರೂ ಆ ದಿನದ ಬಗ್ಗೆ ಅವಳು ಬರೆದ ಹದಿನೈದು ಸಾಲು ನನಗೆ ಇನ್ನೂ ನೆನಪಿದೆ.

ಡೈರಿಯಲ್ಲಿ ಮೂರು ಗುರುತು

ವರದಿ ಕೊನೆಯ ವಾರ ಬರೆಯುವುದಲ್ಲ. ಮೊದಲ ದಿನ ಕಿಸೆಗೆ ಒಂದು ಚಿಕ್ಕ ನೋಟ್‌ಬುಕ್ ಹಾಕಿಕೊಳ್ಳುವಾಗಲೇ ಶುರುವಾಗುತ್ತದೆ. ಮೊಬೈಲ್ ಸಾಲದಾ ಅಂತ ಕೇಳಬಹುದು. ಕೈಯೆಲ್ಲ ಸಿಮೆಂಟ್ ಹಾಲು ಇರುವಾಗ ಪೆನ್ಸಿಲ್ಲೇ ವಾಸಿ. ಜೊತೆಗೆ, ಕಂಬಿಯ ಮೇಲೆ ನಡೆಯುತ್ತಾ ಮೊಬೈಲ್ ನೋಡುವುದು ಬಿದ್ದುಹೋಗುವ ದಾರಿ.

ಆ ಹುಡುಗಿ ಡೈರಿಯ ಪ್ರತಿ ಸಾಲಿನ ಮುಂದೆ ಒಂದಕ್ಷರ ಬರೆದುಕೊಂಡಿದ್ದಳು. "ನೋ" ಅಂದರೆ ನಾನೇ ನೋಡಿದ್ದು ಅಥವಾ ಅಳೆದದ್ದು. "ಕೇ" ಅಂದರೆ ಯಾರೋ ಹೇಳಿದ್ದು. "ಊ" ಅಂದರೆ ನನ್ನ ಊಹೆ. ಕೇಳಲು ಚಿಕ್ಕ ಮಕ್ಕಳ ಆಟದ ಹಾಗಿದೆ. ಆದರೆ ವರದಿಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಮೇಸ್ತ್ರಿ "ಕಬ್ಬಿಣ ಎಲ್ಲ ಟೆಸ್ಟ್ ಆಗಿದೆ ಸಾರ್" ಅಂದಿರುತ್ತಾನೆ. ವರದಿಯಲ್ಲಿ ಅದು "ಕಬ್ಬಿಣದ ಪರೀಕ್ಷೆ ನಡೆಸಲಾಯಿತು" ಅಂತ ಆಗಿಬಿಡುತ್ತದೆ. ಪರೀಕ್ಷಾ ಪತ್ರ ನೀವು ನೋಡಿಲ್ಲ ಅಂದರೆ "ಪರೀಕ್ಷೆ ಆಗಿದೆ ಎಂದು ಮೇಸ್ತ್ರಿ ಹೇಳಿದರು, ಪತ್ರ ನಾನು ನೋಡಿಲ್ಲ" ಅಂತಲೇ ಬರೆಯಬೇಕು. ಇದರಿಂದ ಅಂಕ ಹೋಗುವುದಿಲ್ಲ. ಸುಳ್ಳು ಸಿಕ್ಕಿಬಿದ್ದರೆ ಹೋಗುತ್ತದೆ.

ವರದಿ ಇಂಗ್ಲಿಷಿನಲ್ಲೇ ಬರೆಯಬೇಕಾಗಿದ್ದರೂ ಡೈರಿ ಕನ್ನಡದಲ್ಲಿರಲಿ. ಮೇಸ್ತ್ರಿ, ಕಂಬಿ ಕೆಲಸದವರು, ಲಾರಿ ಡ್ರೈವರ್ ಹೇಳಿದ್ದು ಹೇಳಿದ ಹಾಗೇ ಉಳಿಯುತ್ತದೆ.

ಅವಳ ಡೈರಿಯ ಆ ದಿನದ ಪುಟದಲ್ಲಿ ಎರಡನೇ ಲಾರಿಯ ಬಗ್ಗೆ ಹೀಗಿತ್ತು:

"(ನೋ) ಚಲನ್‌ನಲ್ಲಿ ಲೋಡ್ ಆದದ್ದು 9:40. ಸೈಟಿಗೆ 11:00. ಒಂದನೇ ಲಾರಿ ಇನ್ನೂ ಖಾಲಿ ಆಗಿಲ್ಲ, ಪಂಪಿನ ಪೈಪ್ ಜಾಯಿಂಟ್ ಸೋರಿ 40 ನಿಮಿಷ ನಿಂತಿತ್ತು. 11:35ಕ್ಕೆ ಎರಡನೇದು ಶುರು. ಸ್ಲಂಪ್ 70. (ನೋ) ಡ್ರೈವರ್ ಅಣ್ಣ ಡ್ರಮ್ಮಿಗೆ ಪೈಪಿನಿಂದ ನೀರು ಬಿಟ್ಟರು, ವಾಚ್ ನೋಡಿದೆ, 2 ನಿಮಿಷ. (ಕೇ) 'ಇಲ್ಲಾಂದ್ರೆ ಪಂಪ್ ಎಳೆಯಲ್ಲಮ್ಮ.' (ನೋ) ಮತ್ತೆ ಸ್ಲಂಪ್ 120. 12:15ಕ್ಕೆ ಖಾಲಿ. (ನೋ) ಬಿದ್ದ ಜಾಗ: ಪ್ಲಾನಿನಲ್ಲಿ ಪೆನ್ಸಿಲ್ ಗೆರೆ ಹಾಕಿದೀನಿ, ಉತ್ತರದ ಎರಡು ಪ್ಯಾನೆಲ್. (ಊ) ನೀರು ಜಾಸ್ತಿ ಆಯ್ತು."

ಇಷ್ಟರಲ್ಲೇ ಒಳ್ಳೆಯ ವರದಿಯ ಬೀಜ ಇದೆ. ಕೊನೆಯ ಸಾಲು ಇನ್ನೂ ಊಹೆ. ಅದನ್ನು ಲೆಕ್ಕಕ್ಕೆ ತರುವುದು ಹೇಗೆ?

ಊಹೆಯಿಂದ ಲೆಕ್ಕಕ್ಕೆ

ಸ್ಲಂಪ್ ಅಂದರೆ ಕಾಂಕ್ರೀಟ್ ಎಷ್ಟು ಸಡಿಲವಾಗಿದೆ ಅನ್ನುವ ಅಳತೆ. 300 ಮಿ.ಮೀ. ಎತ್ತರದ ತಗಡಿನ ಕೋನಿಗೆ ಕಾಂಕ್ರೀಟ್ ತುಂಬಿ, ಕುಟ್ಟಿ, ಕೋನನ್ನು ಮೆಲ್ಲಗೆ ನೇರವಾಗಿ ಮೇಲೆತ್ತಿದರೆ ರಾಶಿ ಕುಸಿಯುತ್ತದೆ. ಎಷ್ಟು ಮಿ.ಮೀ. ಕುಸಿಯಿತೋ ಅದೇ ಸ್ಲಂಪ್. ಇದು ಪುಸ್ತಕದ ಮಾತು, ವರದಿಯಲ್ಲಿ ಎರಡು ಸಾಲಿಗಿಂತ ಹೆಚ್ಚು ಬೇಡ. ಹೊತ್ತು ಕಳೆದಷ್ಟೂ ಸ್ಲಂಪ್ ಇಳಿಯುತ್ತದೆ. ಅವಳ ಪಟ್ಟಿಯಲ್ಲಿ ಒಂದನೇ ಲಾರಿ 120, ಮೂರನೇದು 115, ಎರಡನೇದು ಮಾತ್ರ 70. ಕಾರಣ ಕಣ್ಣೆದುರೇ ಇದೆ: ಪಂಪ್ ನಿಂತಿತು, ಲಾರಿ ಬಿಸಿಲಲ್ಲಿ ಕಾಯಿತು. ಲೋಡ್ ಆದಾಗಿನಿಂದ ಖಾಲಿ ಆಗುವವರೆಗೆ 2 ಗಂಟೆ 35 ನಿಮಿಷ. ಆರ್‌ಎಂಸಿಯ ಭಾರತೀಯ ಮಾನಕ ಐಎಸ್ 4926 ಸಾಮಾನ್ಯವಾಗಿ 2 ಗಂಟೆಯೊಳಗೆ ಇಳಿಸಬೇಕು ಅನ್ನುತ್ತದೆ. ಗಟ್ಟಿಯಾಗುವುದನ್ನು ತಡಮಾಡುವ ರಾಸಾಯನಿಕ ಹಾಕಿದ್ದರೆ ಹೆಚ್ಚು ಹೊತ್ತು ಬಿಡಬಹುದು. ಹಾಗಾಗಿ "ನಿಯಮ ಮುರಿದರು" ಅಂತ ಬರೆಯುವ ಮೊದಲು ಚಲನ್‌ನಲ್ಲಿ ಆ ರಾಸಾಯನಿಕದ ಹೆಸರು ಇದೆಯಾ ಅಂತ ನೋಡಬೇಕು. ಅವಳು ನೋಡಿದ್ದಳು. ಇರಲಿಲ್ಲ.

ಈಗ ನೀರು. ಎಷ್ಟು ಹಾಕಿದರು ಅಂತ ಯಾರೂ ಅಳೆದಿಲ್ಲ. ಬಹಳ ಜನ ಇಲ್ಲಿ "ಸ್ವಲ್ಪ ನೀರು ಸೇರಿಸಲಾಯಿತು" ಅಂತ ಬರೆದು ಮುಂದೆ ಹೋಗುತ್ತಾರೆ. ಇವಳು ಊಟದ ಹೊತ್ತಿನಲ್ಲಿ ಅದೇ ಪೈಪಿನಿಂದ 20 ಲೀಟರಿನ ಬಕೆಟ್ ತುಂಬಿಸಿ ನೋಡಿದಳು. 40 ಸೆಕೆಂಡ್ ಬೇಕಾಯಿತು. ಅಂದರೆ ಸೆಕೆಂಡಿಗೆ ಅರ್ಧ ಲೀಟರ್, 2 ನಿಮಿಷಕ್ಕೆ ಸುಮಾರು 60 ಲೀಟರ್. ಲಾರಿಯಲ್ಲಿ ಇದ್ದದ್ದು 6 ಘನ ಮೀಟರ್. ಅಲ್ಲಿಗೆ ಘನ ಮೀಟರಿಗೆ 10 ಲೀಟರ್ ಹೆಚ್ಚುವರಿ.

ಚಲನ್‌ನಲ್ಲಿ ಘನ ಮೀಟರಿಗೆ ಸಿಮೆಂಟ್ 340 ಕೆ.ಜಿ., ನೀರು 170 ಲೀಟರ್ ಅಂತ ಇತ್ತು. 170ನ್ನು 340ರಿಂದ ಭಾಗಿಸಿದರೆ 0.50. ಇದೇ ನೀರು-ಸಿಮೆಂಟಿನ ಅನುಪಾತ. 10 ಲೀಟರ್ ಸೇರಿದರೆ 180, ಅನುಪಾತ 0.53. ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456:2000 ಸಾಧಾರಣ ಹವೆಯ ಪರಿಸರಕ್ಕೆ, ಅಂದರೆ ಕೋಡಿನ 'ಮಾಡರೇಟ್' ವರ್ಗಕ್ಕೆ, ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಈ ಅನುಪಾತ 0.50 ದಾಟಬಾರದು ಅನ್ನುತ್ತದೆ. ಡ್ರಾಯಿಂಗಿನ ಟಿಪ್ಪಣಿಯಲ್ಲಿ ಇದ್ದದ್ದೂ ಅದೇ ವರ್ಗ. ಈ ಕೊನೆಯ ಮಾತು ಮುಖ್ಯ. ನಿಮ್ಮ ಕಟ್ಟಡ ಯಾವ ವರ್ಗ ಅಂತ ಡ್ರಾಯಿಂಗ್ ನೋಡದೆ ಕೋಡಿನ ಮಿತಿ ತಂದು ಅಂಟಿಸಬೇಡಿ. ಒಳಗೋಡೆಗೆ ಒಂದು, ಸಮುದ್ರದ ದಡದ ಉಳ್ಳಾಲಕ್ಕೆ ಇನ್ನೊಂದು.

ಈ ಲೆಕ್ಕದ ಮಿತಿಯನ್ನೂ ಅವಳೇ ಬರೆದಿದ್ದಳು: ಪೈಪಿನ ಒತ್ತಡ ಬೆಳಗ್ಗೆ ಬೇರೆ ಇದ್ದಿರಬಹುದು, ಹಾಗಾಗಿ 60 ಲೀಟರ್ ಅನ್ನುವುದು ಅಂದಾಜು. ಕಾಂಕ್ರೀಟಿನ ಶಕ್ತಿ ಎಷ್ಟು ಕಡಿಮೆಯಾಯಿತು ಅಂತ ಅವಳು ಬರೆಯಲಿಲ್ಲ. ಬರೆಯಬಾರದು ಕೂಡ. ಅದಕ್ಕೆ ಆಧಾರ ಇಲ್ಲ. ಸರಿಯಾದ ಕ್ರಮ ಏನಿತ್ತು ಅನ್ನುವುದು ಮಾತ್ರ ಎರಡು ಸಾಲು: ಸ್ಲಂಪ್ ಇಳಿದಾಗ ನೀರಲ್ಲ, ಆರ್‌ಎಂಸಿ ಕಂಪನಿಯ ಗುಣಮಟ್ಟದವರು ನೀರಿಲ್ಲದೆ ಕಾಂಕ್ರೀಟನ್ನು ಸಡಿಲ ಮಾಡುವ ಪ್ಲಾಸ್ಟಿಸೈಸರನ್ನು ಅಳತೆ ಮಾಡಿ ಹಾಕಿ ಡ್ರಮ್ ತಿರುಗಿಸಬೇಕು, ಅದಕ್ಕೂ ಬಗ್ಗದಿದ್ದರೆ ಲಾರಿ ವಾಪಸ್ ಕಳಿಸಬೇಕು.

ಆರು ಕ್ಯೂಬ್, ಒಂದೇ ಲಾರಿ

ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದರ ಶಕ್ತಿ ಹೇಳುವವು ಕ್ಯೂಬ್‌ಗಳು. 150 ಮಿ.ಮೀ. ಅಚ್ಚಿನಲ್ಲಿ ಅದೇ ಕಾಂಕ್ರೀಟ್ ತುಂಬಿ, ಮಾರನೇ ದಿನ ಬಿಚ್ಚಿ ನೀರಲ್ಲಿಟ್ಟು, 28 ದಿನಕ್ಕೆ ಯಂತ್ರದಲ್ಲಿ ಒಡೆಯುತ್ತಾರೆ. ಸೈಟಿನಲ್ಲಿ ಆ ದಿನ ಆರು ಕ್ಯೂಬ್ ಹಾಕಿದರು. ಮೂರು 7 ದಿನಕ್ಕೆ, ಮೂರು 28 ದಿನಕ್ಕೆ. ಬಹಳ ವರದಿಗಳಲ್ಲಿ ಇದನ್ನು "ನಿಯಮದಂತೆ ಆರು ಕ್ಯೂಬ್" ಅಂತ ಬರೆದಿರುತ್ತಾರೆ. ಯಾವ ನಿಯಮ?

ಐಎಸ್ 456ರ ಲೆಕ್ಕ ಕಾಂಕ್ರೀಟಿನ ಪ್ರಮಾಣದ ಮೇಲೆ ನಡೆಯುತ್ತದೆ. 5 ಘನ ಮೀಟರ್‌ವರೆಗೆ ಒಂದು ಸ್ಯಾಂಪಲ್, 6ರಿಂದ 15ಕ್ಕೆ ಎರಡು, 16ರಿಂದ 30ಕ್ಕೆ ಮೂರು. ಒಂದು ಸ್ಯಾಂಪಲ್ ಅಂದರೆ 28 ದಿನಕ್ಕೆ ಒಡೆಯುವ ಮೂರು ಕ್ಯೂಬ್. ಈ ಸ್ಲ್ಯಾಬ್ 18 ಘನ ಮೀಟರ್. ಅಂದರೆ ಮೂರು ಸ್ಯಾಂಪಲ್, 28 ದಿನಕ್ಕೇ ಒಂಬತ್ತು ಕ್ಯೂಬ್. 7 ದಿನದ್ದು ಬೇಕಿದ್ದರೆ ಅವು ಬೇರೆ. ಸೈಟಿನಲ್ಲಿ ಆದದ್ದು, ಕೋಡಿನ ಭಾಷೆಯಲ್ಲಿ, ಒಂದೇ ಸ್ಯಾಂಪಲ್.

ಅದಕ್ಕಿಂತ ಜಾಸ್ತಿ ಕಾಡುವ ಮಾತು ಇನ್ನೊಂದಿದೆ. ಆರೂ ಕ್ಯೂಬ್ ತುಂಬಿದ್ದು 10:05ಕ್ಕೆ, ಒಂದನೇ ಲಾರಿಯಿಂದ. ಅಚ್ಚು ತುಂಬಿ ಆಯ್ತು, ಹುಡುಗ ಕೈ ತೊಳೆದುಕೊಂಡು ಬೇರೆ ಕೆಲಸಕ್ಕೆ ಹೋದ. ನೀರು ಬಿಟ್ಟ ಎರಡನೇ ಲಾರಿಯಿಂದ ಒಂದು ಕ್ಯೂಬೂ ಇಲ್ಲ. ಕ್ಯೂಬ್ ಎಷ್ಟೇ ಚೆನ್ನಾಗಿ ಪಾಸಾದರೂ, ಅನುಮಾನ ಇರುವ ಕಾಂಕ್ರೀಟಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಇಲ್ಲೇ ಅವಳ ಪೆನ್ಸಿಲ್ ಗೆರೆ ಬೆಲೆ ಬಾಳುವುದು. ಎರಡನೇ ಲಾರಿಯ ಕಾಂಕ್ರೀಟ್ ಉತ್ತರದ ಎರಡು ಪ್ಯಾನೆಲ್‌ಗೆ ಬಿತ್ತು ಅಂತ ಪ್ಲಾನಿನಲ್ಲಿ ಗುರುತಿದೆ. ಮುಂದೆ ಯಾರಿಗಾದರೂ ಅನುಮಾನ ಬಂದರೆ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್ ಎಲ್ಲಿ ಬಡಿಯಬೇಕು, ಪರೀಕ್ಷೆಗೆ ಕೊರೆದು ತೆಗೆಯುವ ತುಂಡು, ಅಂದರೆ ಕೋರ್, ಎಲ್ಲಿ ತೆಗೆಯಬೇಕು ಅಂತ ಗೊತ್ತು. ಗುರುತಿಲ್ಲದಿದ್ದರೆ ಇಡೀ ಸ್ಲ್ಯಾಬ್ ಅನುಮಾನದ ಜಾಗ.

ವರದಿಯಲ್ಲಿ ಇದನ್ನೆಲ್ಲ ಅವಳು ನಾಲ್ಕು ತುಂಡಾಗಿ ಬರೆದಿದ್ದಳು: ಏನಿರಬೇಕಿತ್ತು, ಏನು ಕಂಡೆ, ಯಾಕೆ ಹಾಗಾಯಿತು, ಆಮೇಲೆ ಏನು ಮಾಡಿದರು. ಕೊನೆಯದರಲ್ಲಿ ಸೈಟ್ ಎಂಜಿನಿಯರ್ ಮಾತೂ ಇತ್ತು. ಅವಳು ಅವರಿಗೆ ತೋರಿಸಿದಾಗ ಅವರು ಮೂರನೇ ಲಾರಿಯಿಂದ ಇನ್ನೂ ಮೂರು ಕ್ಯೂಬ್ ಹಾಕಿಸಿದರು. ಎರಡನೇದು ಅಷ್ಟೊತ್ತಿಗೆ ಖಾಲಿಯಾಗಿತ್ತು.

ಇಲ್ಲಿ ಒಂದು ನಾಜೂಕಿನ ವಿಷಯ ಇದೆ. ಪ್ರಮಾಣಪತ್ರಕ್ಕೆ ಸಹಿ ಹಾಕುವುದು ಅದೇ ಕಂಪನಿ. ಅವರ ತಪ್ಪನ್ನು ಬರೆದರೆ ಸಹಿ ಹಾಕುತ್ತಾರಾ? ನನ್ನ ಅನುಭವದಲ್ಲಿ, ಬೈಯುವ ಹಾಗೆ ಬರೆದರೆ ಹಾಕುವುದಿಲ್ಲ, ಅಳೆದು ಬರೆದರೆ ಹಾಕುತ್ತಾರೆ. "ಗುತ್ತಿಗೆದಾರರ ಬೇಜವಾಬ್ದಾರಿಯಿಂದ" ಅನ್ನುವುದನ್ನು ತೆಗೆಯಿರಿ. "11:35ಕ್ಕೆ ಸ್ಲಂಪ್ 70 ಇತ್ತು, ಪಂಪಿಗೆ ಸಾಲದೆ ನೀರು ಸೇರಿಸಲಾಯಿತು" ಅಂದರೆ ಯಾರೂ ತಕರಾರು ಮಾಡುವುದಿಲ್ಲ. ಕಾಲೇಜಿಗೆ ಕೊಡುವ ಮೊದಲು ಕರಡನ್ನು ಸೈಟ್ ಎಂಜಿನಿಯರ್‌ಗೆ ತೋರಿಸಿ. ಡ್ರಾಯಿಂಗ್, ಮಾಲೀಕರ ಹೆಸರು, ಕೆಲಸದವರ ಮುಖ ಇರುವ ಫೋಟೋ, ಇವನ್ನು ಕೇಳದೆ ಹಾಕಬೇಡಿ.

ಸುರಕ್ಷತೆಯನ್ನು ಎಣಿಸಿ ಬರೆಯುವುದು

ಸುರಕ್ಷತೆಯ ಅಧ್ಯಾಯ ಅಂದರೆ ಹೆಲ್ಮೆಟ್, ಶೂ, ಗ್ಲೌಸ್ ಚಿತ್ರ ಅಂಟಿಸುವುದು ಅಂತ ಆಗಿಬಿಟ್ಟಿದೆ. ಚಿತ್ರ ಇಂಟರ್ನೆಟ್ಟಿನದು, ಅದರಲ್ಲಿರುವವರು ಯಾವುದೋ ದೇಶದವರು. ಅದರ ಬದಲು ಒಂದು ಹೊತ್ತು ನಿಂತು ಎಣಿಸಿ. 10 ಗಂಟೆಗೆ ಸ್ಲ್ಯಾಬ್ ಮೇಲೆ 14 ಜನ. ಹೆಲ್ಮೆಟ್ 11. ಗಲ್ಲದ ಪಟ್ಟಿ ಕಟ್ಟಿದವರು 3. ಗಮ್‌ಬೂಟ್ 5, ಉಳಿದವರು ಚಪ್ಪಲಿ ಅಥವಾ ಬರಿಗಾಲು. ಈ ನಾಲ್ಕು ಅಂಕಿ ನಾಲ್ಕು ಪುಟದ ಚಿತ್ರಕ್ಕಿಂತ ಹೆಚ್ಚು ಹೇಳುತ್ತವೆ. ಪಟ್ಟಿ ಕಟ್ಟದ ಹೆಲ್ಮೆಟ್, ಮನುಷ್ಯ ಬೀಳುವಾಗ ಅವನಿಗಿಂತ ಮೊದಲೇ ಕಳಚಿ ಹೋಗುತ್ತದೆ. ಹಸಿ ಕಾಂಕ್ರೀಟ್ ಬಲವಾದ ಕ್ಷಾರ, ಗಂಟೆಗಟ್ಟಲೆ ಕಾಲಿಗೆ ತಾಗಿದರೆ ಚರ್ಮ ಸುಡುತ್ತದೆ. ನೋವು ತಕ್ಷಣ ಗೊತ್ತಾಗುವುದಿಲ್ಲ, ಸಂಜೆ ಗೊತ್ತಾಗುತ್ತದೆ.

ಆದರೆ ಆ ದಿನ ನಿಜವಾಗಿ ಭಯ ಹುಟ್ಟಿಸಿದ್ದು ಮೇಲಿನ ಸ್ಲ್ಯಾಬ್ ಅಲ್ಲ, ಅದರ ಕೆಳಗಿನ ಮಹಡಿ. ಅಲ್ಲಿ ನೀರಿನ ಪೈಪುಗಳಿಗೆ ಅಂತ ಬಿಟ್ಟ ಡಕ್ಟಿನ ಬಾಯಿ ಇತ್ತು, 900 ಮಿ.ಮೀ. ಉದ್ದ, 600 ಅಗಲ. ಅದರ ಮೇಲೆ ಒಂದು ಹಳೇ ಪ್ಲೈವುಡ್ ತುಂಡು ಮುಚ್ಚಿತ್ತು. ನೋಡಿದರೆ ಮುಚ್ಚಿದ್ದಾರಲ್ಲ ಅನ್ನಿಸುತ್ತದೆ. ಅವಳು ಕಾಲಿನಿಂದ ತಳ್ಳಿ ನೋಡಿದಳು. ಜಾರಿತು. ಮೊಳೆ ಇಲ್ಲ.

ಮೊಳೆ ಹೊಡೆಯದ ಮುಚ್ಚಳ, ತೆರೆದ ಬಾಯಿಗಿಂತ ಅಪಾಯ. ತೆರೆದದ್ದು ಕಣ್ಣಿಗೆ ಕಾಣುತ್ತದೆ, ಜನ ಸುತ್ತಿಕೊಂಡು ಹೋಗುತ್ತಾರೆ. ಸೆಂಟ್ರಿಂಗ್ ಕೆಲಸ ನಡೆಯುವ ಕಡೆ ನೆಲದ ಮೇಲೆ ಬಿದ್ದ ಪ್ಲೈವುಡ್ ಅಂದರೆ ಉಪಯೋಗಕ್ಕೆ ಬರುವ ವಸ್ತು. ಯಾರೋ ಬಂದು ಎರಡೂ ಕೈಯಲ್ಲಿ ಎತ್ತುತ್ತಾರೆ. ಎತ್ತಿದ ಹಲಗೆ ಎದುರಿಗೆ ಅಡ್ಡ ಬರುತ್ತದೆ, ಕಾಲ ಕೆಳಗಿನದು ಕಾಣುವುದಿಲ್ಲ. ಒಂದು ಹೆಜ್ಜೆ ಮುಂದೆ ಇಟ್ಟರೆ ಎರಡು ಮಹಡಿ ಕೆಳಗೆ.

ಅವಳು ಮೊದಲು ಮಾಡಿದ್ದು ಫೋಟೋ ತೆಗೆಯುವುದಲ್ಲ. ಮೇಸ್ತ್ರಿಯನ್ನು ಕರೆದಳು. "ಮೇಸ್ತ್ರಿ, ಇದಕ್ಕೆ ಮೊಳೆ ಹೊಡೆದಿಲ್ಲ, ನೋಡಿ." "ಅಯ್ಯೋ, ನಿನ್ನೆ ಹೊಡ್ಸಿದ್ದೆ ಮೇಡಂ, ಯಾರೋ ಕಿತ್ತವ್ರೆ." ಇದೇ ಕ್ರಮ ಸರಿ. ಮೊದಲು ಹೇಳಿ, ಆಮೇಲೆ ಬರೆಯಿರಿ. ಡೈರಿಯಲ್ಲಿ: 10:40ಕ್ಕೆ ಹೇಳಿದೆ, 11:15ಕ್ಕೆ ಮೊಳೆ ಹೊಡೆದು ಕೆಂಪು ಬಣ್ಣದಲ್ಲಿ "ಕೆಳಗೆ ತೂತು" ಅಂತ ಬರೆದರು, ಅಷ್ಟರವರೆಗೆ ಒಬ್ಬ ಹುಡುಗ ಪಕ್ಕದಲ್ಲಿ ನಿಂತಿದ್ದ.

ವರದಿಯಲ್ಲಿ ಇದಕ್ಕೆ ಪರಿಹಾರ ಬರೆಯುವಾಗ ಹೆಚ್ಚಿನವರು ನೇರವಾಗಿ ಬೆಲ್ಟು, ಹೆಲ್ಮೆಟ್ಟಿಗೆ ಹೋಗುತ್ತಾರೆ. ಸುರಕ್ಷತೆಯ ಲೆಕ್ಕದಲ್ಲಿ ಅವು ಕಟ್ಟಕಡೆಯವು. ಮೊದಲ ಪ್ರಶ್ನೆ: ಅಪಾಯವೇ ಇಲ್ಲದ ಹಾಗೆ ಮಾಡಬಹುದಾ? ಡಕ್ಟಿನ ವಿಷಯದಲ್ಲಿ ಬಹುಮಟ್ಟಿಗೆ ಮಾಡಬಹುದು. ಸ್ಲ್ಯಾಬ್ ಹಾಕುವಾಗ ಡಕ್ಟಿನ ಜಾಗದಲ್ಲಿ ಕಾಂಕ್ರೀಟ್ ಬಿಟ್ಟರೂ ಕಂಬಿಯ ಜಾಲರಿಯನ್ನು ಹಾಗೇ ಹಾಯಿಸಿ, ಪೈಪ್ ಹಾಕುವ ದಿನ ಕತ್ತರಿಸುವುದು. ಆಗ ಮುಚ್ಚಳ ಹೋದರೂ ಮನುಷ್ಯ ಬೀಳುವುದಿಲ್ಲ. ಹೀಗೆ ಹಾಯಿಸಬಹುದಾ ಅಂತ ಸ್ಟ್ರಕ್ಚರಲ್ ಎಂಜಿನಿಯರನ್ನು ಮೊದಲೇ ಕೇಳಬೇಕು, ಡಕ್ಟಿನ ಅಂಚಿಗೆ ಬೇಕಾದ ಹೆಚ್ಚುವರಿ ಕಂಬಿಯನ್ನೂ ಬಿಡಬಾರದು. ಅದು ಆಗದಿದ್ದರೆ ಸರಿಯದ ಹಾಗೆ ಬಿಗಿದ ಮುಚ್ಚಳ ಅಥವಾ ಸುತ್ತ ಕಟಕಟೆ. ಆಮೇಲೆ ಬೋರ್ಡು, ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ಸುರಕ್ಷತೆಯ ಬಗ್ಗೆ ಮಾತಾಡುವ ಟೂಲ್‌ಬಾಕ್ಸ್ ಟಾಕ್‌ನಲ್ಲಿ ಒಂದು ಮಾತು. ಬೆಲ್ಟ್ ಕೊನೆಗೆ. ಈ ಕ್ರಮದಲ್ಲಿ ಒಂದೇ ಒಂದು ಅಪಾಯವನ್ನು ಪೂರ್ತಿ ಬರೆದರೂ ಸುರಕ್ಷತೆಯ ಅಧ್ಯಾಯಕ್ಕೆ ಜೀವ ಬರುತ್ತದೆ.

ಮೆಕ್ಯಾನಿಕಲ್ ಹುಡುಗರಿಗೂ ಇದೇ ದಾರಿ. ಸ್ಲಂಪಿನ ಜಾಗದಲ್ಲಿ ಮೈಕ್ರೋಮೀಟರಿನ ಅಳತೆ, ಮೂರು ಲಾರಿಯ ಜಾಗದಲ್ಲಿ ಒಂದು ಶಿಫ್ಟಿನ ಪೀಸುಗಳು, ಡಕ್ಟಿನ ಜಾಗದಲ್ಲಿ ಗಾರ್ಡ್ ಬಿಚ್ಚಿಟ್ಟ ಪ್ರೆಸ್. ಟೂಲ್ ಸವೆದ ಹಾಗೆ ಅಳತೆ ಹೇಗೆ ಸರಿಯುತ್ತದೆ ಅಂತ ಹದಿನೈದು ಪೀಸ್ ಅಳೆದು ಗ್ರಾಫ್ ಹಾಕಿದರೆ, ಲೇತ್ ಮೆಷಿನ್ನಿನ ಭಾಗಗಳ ಚಿತ್ರ ಯಾರಿಗೂ ಬೇಕಾಗುವುದಿಲ್ಲ.

ಫಲಿತಾಂಶ ಬರುವ ಮೊದಲೇ ಟ್ರೈನಿಂಗ್ ಮುಗಿದರೆ

ನಾಲ್ಕು ವಾರದ ಟ್ರೈನಿಂಗಿನಲ್ಲಿ ಎರಡನೇ ವಾರ ಮೋಲ್ಡ್ ಹಾಕಿದರೆ 28 ದಿನದ ಫಲಿತಾಂಶ ಸಿಗುವುದಿಲ್ಲ. ಕಾಯಲು ಆಗದಿದ್ದರೆ 7 ದಿನದ್ದನ್ನೇ ಬರೆಯಿರಿ, ಆದರೆ ಅದು ಏನು ಅಂತ ಹೇಳಿ. ಅವಳ ಮೂರು ಕ್ಯೂಬ್ 428, 441 ಮತ್ತು 452 ಕಿಲೋನ್ಯೂಟನ್‌ಗೆ ಒಡೆದವು. ಕ್ಯೂಬಿನ ಮುಖ 150 ಗುಣಿಲೆ 150, ಅಂದರೆ 22,500 ಚದರ ಮಿ.ಮೀ. ಭಾಗಿಸಿದರೆ 19.0, 19.6, 20.1, ಸರಾಸರಿ 19.6 ನ್ಯೂಟನ್ ಪ್ರತಿ ಚದರ ಮಿ.ಮೀ. 7 ದಿನಕ್ಕೆ 28 ದಿನದ ಶಕ್ತಿಯ ಸುಮಾರು 65 ಶೇಕಡಾ ಬರಬೇಕು ಅನ್ನುವುದು ಸೈಟಿನ ರೂಢಿಯ ಲೆಕ್ಕ. ಎಂ25ಕ್ಕೆ ಅದು 16ರ ಆಸುಪಾಸು. ಹಾಗಾಗಿ ಇದು ಚೆನ್ನಾಗಿದೆ. ಆದರೆ ರೂಢಿಯ ಲೆಕ್ಕ ತೀರ್ಪಲ್ಲ, ಕೋಡ್ ಕಾಂಕ್ರೀಟನ್ನು ಒಪ್ಪುವುದು 28 ದಿನದ ಮೇಲೆ.

ಇಂಥ ಅಂಕಿ ಕೈಗೆ ಬಂದಾಗ "ಸ್ಲ್ಯಾಬಿನ ಕಾಂಕ್ರೀಟ್ ತೃಪ್ತಿಕರವಾಗಿದೆ" ಅಂತ ಬರೆಯಲು ಕೈ ತುರಿಸುತ್ತದೆ. ಅವಳು ಬರೆದದ್ದು ಹೀಗೆ: "ಒಂದನೇ ಲಾರಿಯ 7 ದಿನದ ಫಲಿತಾಂಶ ನಿರೀಕ್ಷೆಗಿಂತ ಹೆಚ್ಚಿದೆ. ಮೂರನೇ ಲಾರಿಯ ಮೂರು ಕ್ಯೂಬ್ 28 ದಿನಕ್ಕೆ ಒಡೆಯಲಿವೆ. ಎರಡನೇ ಲಾರಿಯ ಕಾಂಕ್ರೀಟಿಗೆ ಕ್ಯೂಬ್ ಇಲ್ಲ. ಅದು ಇರುವ ಜಾಗ ಚಿತ್ರ 7ರಲ್ಲಿ."

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಪುಟ ತಿರುವಿ ಸೀದಾ ಚಿತ್ರ 7ಕ್ಕೆ ಹೋದರು.